ಮನೆಯ ಲೆಕ್ಕ: ಮೂರು ಬಗೆಯ ಗಾಡಿ, ಒಂದೇ ದಾರಿ

ಈಚೆಗೆ ನಮ್ಮ ಕೈಸೇರಿದ ಕಾಗದಗಳಲ್ಲಿ ಬೆಂಗಳೂರು ರಾಜಾಜಿನಗರದ ಗೃಹಸ್ಥರೊಬ್ಬರದು ವಿಚಾರಯೋಗ್ಯವಾಗಿದೆ. ಅವರು ದಿನವೂ ಕೋರಮಂಗಲದ ಕಛೇರಿಗೆ ಹೋಗಿ ಬರತಕ್ಕವರು. ಮಕ್ಕಳ ಶಾಲೆ, ಸಂಜೆಯ ತರಕಾರಿ ಎಲ್ಲವೂ ಸೇರಿ ದಿವಸಕ್ಕೆ ಮೂವತ್ತು ಕಿಲೋಮೀಟರು ಗಾಡಿ ಓಡುತ್ತದೆ. ಹಳೆಯ ಸ್ಕೂಟರು ಮುಪ್ಪಾಗಿದೆ, ಹೊಸದನ್ನು ಕೊಳ್ಳಲೇಬೇಕು. ಪೆಟ್ರೋಲಿನದನ್ನೇ ತರೋಣವೆಂದು ಅವರ ತಂದೆಯವರೂ, ವಿದ್ಯುತ್ತಿನದಾದರೆ ಖರ್ಚೇ ಇಲ್ಲವೆಂದು ಮಗನೂ, ಸಿ.ಎನ್.ಜಿ. ಎಂಬ ಗ್ಯಾಸಿನ ಮೋಟಾರು ಸೈಕಲು ಎರಡಕ್ಕೂ ನಡುವಿನ ದಾರಿಯೆಂದು ಕಛೇರಿಯ ಗೆಳೆಯರೂ ಹೇಳುತ್ತಾರಂತೆ. "ನಮ್ಮ ಮನೆಗೆ ಈಗ ಕರೆಂಟಿನ ಬಿಲ್ಲು ಬರುವುದಿಲ್ಲ, ಗೃಹಜ್ಯೋತಿಯಲ್ಲಿದ್ದೇವೆ. ಆದಕಾರಣ ವಿದ್ಯುತ್ತಿನ ಗಾಡಿ ಪುಕ್ಕಟೆಯಾಗಿ ಓಡುವುದಲ್ಲವೆ?" ಎಂದು ಕಾಗದದ ಕೊನೆಯಲ್ಲಿ ಕೇಳಿದ್ದಾರೆ. ಈ ಕಡೆಯ ಪ್ರಶ್ನೆಯಲ್ಲಿಯೇ ಇಡಿಯ ಲೆಕ್ಕದ ಗಂಟು ಇದೆ. ಅದನ್ನು ಬಿಡಿಸುವ ಮುಂಚೆ ಮೂರು ಗಾಡಿಗಳ ಸಾಮಾನ್ಯ ಲೆಕ್ಕವನ್ನು ಮಾಡಿಕೊಳ್ಳೋಣ.

ಲೆಕ್ಕಕ್ಕೆ ತಿಂಗಳಿಗೆ ಇಪ್ಪತ್ತೈದು ದಿವಸ ಹಿಡಿದಿದ್ದೇವೆ. ಅಂದರೆ 750 ಕಿಲೋಮೀಟರು. ಇಂಧನದ ಬೆಲೆಗಳು 2025ರಲ್ಲಿ ಬೆಂಗಳೂರಿನಲ್ಲಿದ್ದುದಕ್ಕೆ ಸಮೀಪವಾದ ಇಡಿಯ ಸಂಖ್ಯೆಗಳು: ಪೆಟ್ರೋಲು ಲೀಟರಿಗೆ 103 ರೂಪಾಯಿ, ಸಿ.ಎನ್.ಜಿ. ಕಿಲೋಗ್ರಾಮಿಗೆ 90 ರೂಪಾಯಿ. ಗಾಡಿಯ ಬೆಲೆ, ರಿಪೇರಿ ಮೊದಲಾದುವಕ್ಕೂ ನಾವು ಇಂತಹ ಅಂದಾಜುಗಳನ್ನೇ ಇಟ್ಟುಕೊಂಡಿದ್ದೇವೆ. ಬೆಲೆ ಏರಿಳಿದರೆ ವಾಚಕರು ತಮ್ಮ ಊರಿನ ಅಂಕಿಯನ್ನು ಹಾಕಿಕೊಂಡು ಇದೇ ಕ್ರಮದಲ್ಲಿ ಗುಣಿಸಿದರಾಯಿತು, ಕ್ರಮ ಬದಲಾಗುವುದಿಲ್ಲ.

ಮೊದಲು ಪೆಟ್ರೋಲು. ಸಾಧಾರಣ 110 ಸಿ.ಸಿ. ಸ್ಕೂಟರು ಬೆಂಗಳೂರಿನ ದಟ್ಟಣೆಯಲ್ಲಿ, ಸಿಗ್ನಲು ಸಿಗ್ನಲಿಗೂ ನಿಂತು ಹೊರಡುತ್ತ, ಲೀಟರಿಗೆ ಸುಮಾರು 45 ಕಿಲೋಮೀಟರು ಓಡುತ್ತದೆಂದು ಇಟ್ಟುಕೊಳ್ಳಬಹುದು. 750ನ್ನು 45ರಿಂದ ಭಾಗಿಸಿದರೆ ಹದಿನಾರೂ ಮುಕ್ಕಾಲು ಲೀಟರಿಗೆ ತುಸು ಕಡಮೆ. ಹಣ 1,717 ರೂಪಾಯಿ. ಕಿಲೋಮೀಟರಿಗೆ 2 ರೂಪಾಯಿ 29 ಪೈಸೆ. ತಮ್ಮ ಗಾಡಿಯ ನಿಜವಾದ ಓಟವನ್ನು ತಿಳಿಯಬೇಕೆಂಬವರು ಅಂಗಡಿಯವನ ಮಾತನ್ನಾಗಲಿ ಗಾಡಿಯ ಫಲಕದಲ್ಲಿ ತೋರುವ ಅಂಕಿಯನ್ನಾಗಲಿ ನೆಚ್ಚಬೇಕಾದುದಿಲ್ಲ. ಒಂದು ದಿನ ಟ್ಯಾಂಕು ತುಂಬ ಹಾಕಿಸಿ, ಓಡಿದ ಮೈಲಿಯ ಅಂಕಿಯನ್ನು ಬರೆದಿಟ್ಟುಕೊಳ್ಳಬೇಕು. ಮತ್ತೆ ಅದೇ ಬಂಕಿನಲ್ಲಿ ತುಂಬ ಹಾಕಿಸಿದಾಗ ಎಷ್ಟು ಲೀಟರು ಹಿಡಿಯಿತೋ ಅದರಿಂದ ನಡುವೆ ಓಡಿದ ದೂರವನ್ನು ಭಾಗಿಸಬೇಕು. ಮೂರು ಬಾರಿ ಹೀಗೆ ಮಾಡಿದರೆ ಸಿಕ್ಕುವ ಸರಾಸರಿಯಲ್ಲಿ ಹೆಚ್ಚಿನ ತಪ್ಪಿರದು.

ಎರಡನೆಯದು ಸಿ.ಎನ್.ಜಿ. ಇದು ಅಡಿಗೆಮನೆಯ ಸಿಲಿಂಡರಿನ ಗ್ಯಾಸಲ್ಲ. ಅದು ಒತ್ತಡದಲ್ಲಿ ದ್ರವವಾಗಿ ನಿಲ್ಲುವಂಥದು. ಇದು ದ್ರವವಾಗದ ನೈಸರ್ಗಿಕ ಅನಿಲವನ್ನು ಸುಮಾರು ಇನ್ನೂರು ಪಟ್ಟು ವಾಯುಭಾರದಷ್ಟು ಒತ್ತಡದಲ್ಲಿ ಗಟ್ಟಿ ಸಿಲಿಂಡರಿನೊಳಗೆ ಅದುಮಿ ತುಂಬಿದ್ದು. ಈ ಅನಿಲದಿಂದ ಓಡುವ ಮೋಟಾರು ಸೈಕಲನ್ನು ಬಜಾಜ್ ಕಂಪೆನಿಯವರು 2024ರ ಜುಲೈ ತಿಂಗಳಲ್ಲಿ ಫ್ರೀಡಂ 125 ಎಂಬ ಹೆಸರಿನಿಂದ ಮಾರುಕಟ್ಟೆಗೆ ತಂದರು. ಅದರಲ್ಲಿ ಎರಡು ಕಿಲೋ ಗ್ಯಾಸಿಗೂ ಎರಡು ಲೀಟರು ಪೆಟ್ರೋಲಿಗೂ ಸ್ಥಳವುಂಟು. ಕಿಲೋ ಗ್ಯಾಸಿಗೆ 102 ಕಿಲೋಮೀಟರು, ಲೀಟರು ಪೆಟ್ರೋಲಿಗೆ 65 ಕಿಲೋಮೀಟರು ಎಂದು ತಯಾರಕರು ಹೇಳಿದ್ದಾರೆ.

ಈ ಎರಡು ಅಂಕಿಗಳನ್ನು ಒಟ್ಟಿಗೆ ನೋಡಿದವರು, ಗ್ಯಾಸು ಹಾಕಿದೊಡನೆ ಯಂತ್ರಕ್ಕೆ ಏನೋ ಹೊಸ ಜಾಣ್ಮೆ ಬಂದಿತೆಂದು ಭಾವಿಸುವುದುಂಟು. ಹಾಗಿಲ್ಲ. ಇಲ್ಲಿ ಅಳತೆಯೇ ಬೇರೆ. ಒಂದು ಲೀಟರು ಪೆಟ್ರೋಲು ಮುಕ್ಕಾಲು ಕಿಲೋ ತೂಗುತ್ತದೆ. ಒಂದು ಕಿಲೋ ಸಿ.ಎನ್.ಜಿ.ಯನ್ನು ಉರಿಸಿದರೆ ಬರುವ ಶಾಖವು ಒಂದು ಲೀಟರು ಪೆಟ್ರೋಲಿನ ಶಾಖದ ಸುಮಾರು ಒಂದೂವರೆಯಷ್ಟು. 65ರ ಒಂದೂವರೆಯಷ್ಟು ಎಂದರೆ ತೊಂಬತ್ತೇಳು, ತೊಂಬತ್ತೆಂಟು. ಅಂತೂ ಯಂತ್ರದ ಕೆಲಸ ಎರಡರಲ್ಲಿಯೂ ಹೆಚ್ಚು ಕಡಮೆ ಒಂದೇ. ಲಾಭವೆಲ್ಲ ಬರುವುದು, ಹೆಚ್ಚು ಶಾಖವನ್ನು ಕಡಮೆ ಬೆಲೆಗೆ ಕೊಳ್ಳುವುದರಿಂದ. ಆದುದರಿಂದ ಗ್ಯಾಸಿನ ಬೆಲೆ ಪೆಟ್ರೋಲಿನ ಬೆಲೆಯ ಹತ್ತಿರ ಹತ್ತಿರಕ್ಕೆ ಏರಿದ ಹಾಗೆಲ್ಲ ಈ ಗಾಡಿಯ ಲಾಭ ಕರಗುತ್ತ ಹೋಗುವುದೆಂಬುದನ್ನು ನೆನಪಿನಲ್ಲಿಡತಕ್ಕದ್ದು.

ತಯಾರಕರ 102ನ್ನು ಬಿಟ್ಟು, ನಗರದ ಓಟಕ್ಕೆ ಕಿಲೋಗೆ 85 ಎಂದು ಇಟ್ಟುಕೊಳ್ಳೋಣ. ತಿಂಗಳಲ್ಲಿ ಅರುವತ್ತು ಕಿಲೋಮೀಟರಾದರೂ ಗ್ಯಾಸು ತೀರಿ ಪೆಟ್ರೋಲಿನಲ್ಲಿ ಓಡುವುದು ಸಹಜ. ಅದಕ್ಕೆ ಒಂದು ಲೀಟರು, 103 ರೂಪಾಯಿ. ಉಳಿದ 690 ಕಿಲೋಮೀಟರಿಗೆ ಎಂಟು ಕಿಲೋಗೆ ತುಸು ಮೇಲೆ ಗ್ಯಾಸು, 731 ರೂಪಾಯಿ. ಎರಡೂ ಸೇರಿ 834 ರೂಪಾಯಿ. ಪೆಟ್ರೋಲು ಸ್ಕೂಟರಿನ ಖರ್ಚಿನ ಅರ್ಧಕ್ಕಿಂತಲೂ ಕಡಮೆಯಾಯಿತು.

ಆದರೆ ಬಂಕಿಗೆ ಹೋಗಿ ಬರುವ ಲೆಕ್ಕ ಬೇರೆಯಿದೆ. ಪೆಟ್ರೋಲು ಬಂಕು ದಾರಿಯಲ್ಲಿಯೇ ಇರುತ್ತದೆ. ಗ್ಯಾಸಿನ ಬಂಕು ಎಲ್ಲ ಕಡೆಯೂ ಇಲ್ಲ. ನಮ್ಮ ಗೃಹಸ್ಥರ ದಾರಿಯಿಂದ ಅದು ಮೂರು ಕಿಲೋಮೀಟರು ಒಳಗಿದೆಯೆಂದು ಇಟ್ಟುಕೊಂಡರೆ, ತಿಂಗಳಿಗೆ ಐದು ಸಲ ಹೋಗಿ ಬರುವುದಕ್ಕೆ ಮೂವತ್ತು ಕಿಲೋಮೀಟರು, ಅಂದರೆ 32 ರೂಪಾಯಿ. ಒಟ್ಟು 866. ಹಣ ಅಲ್ಪವೇ, ಆದರೆ ಆಟೋರಿಕ್ಷಾಗಳ ಸಾಲಿನ ಹಿಂದೆ ನಿಂತ ಹೊತ್ತಿಗೆ ಬೆಲೆ ಕಟ್ಟುವವರು ಯಾರು? ಕೊಳ್ಳುವ ಮುನ್ನ ತಾವು ಹೋಗಬಹುದಾದ ಬಂಕಿಗೆ, ತಾವು ಹೋಗಬಹುದಾದ ವೇಳೆಯಲ್ಲಿಯೇ, ಎರಡು ದಿನ ಹೋಗಿ ಸಾಲನ್ನು ನೋಡಿ ಬರುವುದು ವಿವೇಕ.

ಸಾಲಿನಲ್ಲಿ ಕಾದು ನಿಂತ ಮೇಲೂ ಕೆಲವು ಸಲ ಗ್ಯಾಸು ಪೂರ್ತಿ ತುಂಬುವುದಿಲ್ಲ. ಬಂಕಿನ ಯಂತ್ರದಲ್ಲಿ ಒತ್ತಡ ಇಳಿದಿದ್ದರೆ ಹೀಗಾಗುತ್ತದೆ. ಬೇಗಬೇಗನೆ ತುಂಬುವಾಗ ಸಿಲಿಂಡರಿನೊಳಗಿನ ಅನಿಲ ಬಿಸಿಯಾಗಿ ಹಿಗ್ಗುವುದರಿಂದಲೂ, ತೂಕ ಪೂರಾ ಬರುವ ಮೊದಲೇ ಒತ್ತಡದ ಮುಳ್ಳು ತುದಿ ಮುಟ್ಟುತ್ತದೆ. ಪೂರ್ತಿ ಖಾಲಿಯಾದ ಸಿಲಿಂಡರಿಗೆ ಎರಡು ಕಿಲೋ ಬದಲು ಒಂದು ಕಿಲೋ ಆರುನೂರು ಗ್ರಾಮು ಎಂದು ಚೀಟಿಯಲ್ಲಿ ಬಂದರೆ ಇದೇ ಕಾರಣವೆಂದು ತಿಳಿಯಬಹುದು. ತೂಕಕ್ಕೆ ತಕ್ಕ ಹಣವನ್ನೇ ಕೊಡುವುದರಿಂದ ಹಣದ ನಷ್ಟವಿಲ್ಲ. ಆದರೆ ಮುಂದಿನ ಸಾಲು ಒಂದು ದಿನ ಮುಂಚೆಯೇ ಬರುತ್ತದೆ. ಇದಲ್ಲದೆ, ವಾಹನದ ಗ್ಯಾಸ್ ಸಿಲಿಂಡರನ್ನು ನಿಯಮದಂತೆ ಮೂರು ವರ್ಷಕ್ಕೊಮ್ಮೆ ಒತ್ತಡದ ಪರೀಕ್ಷೆಗೆ ಒಡ್ಡಿ ಪ್ರಮಾಣಪತ್ರ ಪಡೆಯಬೇಕು. ಆ ಖರ್ಚನ್ನೂ ನೆನಪಿಡಬೇಕು. ಮನೆಯಲ್ಲಿ ಹೆಂಗಸರೂ ಹಿರಿಯರೂ ಅದೇ ಗಾಡಿಯನ್ನು ಓಡಿಸುವುದಿದ್ದರೆ, ಇದು ಗೇರಿನ ಮೋಟಾರು ಸೈಕಲು, ಕಾಲಿನ ಮುಂದೆ ಚೀಲವಿಡುವ ಸ್ಕೂಟರಲ್ಲ ಎಂಬುದು ಹಣದ ಲೆಕ್ಕಕ್ಕಿಂತ ದೊಡ್ಡದಾದೀತು.

ಮೂರನೆಯದು ವಿದ್ಯುತ್ತಿನ ಸ್ಕೂಟರು. ಇದರ ಖರ್ಚು ಏಕೆ ಅಷ್ಟು ಕಡಮೆಯೆಂಬುದನ್ನು ಮೊದಲು ಹೇಳಬೇಕು. ಒಂದು ಲೀಟರು ಪೆಟ್ರೋಲಿನಲ್ಲಿರುವ ಶಾಖವನ್ನು ವಿದ್ಯುತ್ತಿನ ಅಳತೆಗೆ ತಂದರೆ ಸುಮಾರು ಒಂಬತ್ತು ಯೂನಿಟ್ಟು. ಅಷ್ಟರಲ್ಲಿ ಪೆಟ್ರೋಲು ಸ್ಕೂಟರು 45 ಕಿಲೋಮೀಟರು ಓಡುತ್ತದೆ. ಅಂದರೆ ಕಿಲೋಮೀಟರಿಗೆ ಒಂದು ಯೂನಿಟ್ಟಿನ ಐದನೆಯ ಒಂದು ಪಾಲು ಬೇಕಾಯಿತು. ಅದರಲ್ಲಿ ಮುಕ್ಕಾಲಿಗೂ ಮೇಲ್ಪಟ್ಟು ಬಿಸಿಯಾಗಿ ಗಾಳಿಗೆ ಹೋಗುತ್ತದೆ. ಸಿಗ್ನಲಿನಲ್ಲಿ ನಿಂತಾಗಲೂ ಎಂಜಿನ್ ಉರಿಯುತ್ತಲೇ ಇರುತ್ತದೆ. ವಿದ್ಯುತ್ತಿನ ಮೋಟಾರಿಗೆ ಈ ಬಿಸಿಯ ನಷ್ಟ ಬಹಳ ಕಡಮೆ. ನಿಂತಾಗ ಅದು ಏನನ್ನೂ ತಿನ್ನುವುದಿಲ್ಲ. ಬ್ರೇಕು ಹಿಡಿದಾಗ ಸ್ವಲ್ಪ ಭಾಗವನ್ನು ಬ್ಯಾಟರಿಗೆ ಹಿಂದಿರುಗಿಸುವುದೂ ಉಂಟು. ಗೋಡೆಯ ಸಾಕೆಟ್ಟಿನಿಂದ ಬ್ಯಾಟರಿಗೆ ಹೋಗುವಾಗ ಆಗುವ ನಷ್ಟವನ್ನು ಸೇರಿಸಿಯೂ, ಕಿಲೋಮೀಟರಿಗೆ ಒಂದು ಯೂನಿಟ್ಟಿನ ಸಾವಿರ ಪಾಲಿನಲ್ಲಿ ಮೂವತ್ತಾರು ಪಾಲು ಸಾಕೆಂದು ಹಿಡಿಯಬಹುದು. ದಟ್ಟಣೆ ಹೆಚ್ಚಿದಷ್ಟೂ ಪೆಟ್ರೋಲು ಗಾಡಿಗೆ ನಷ್ಟ, ವಿದ್ಯುತ್ತಿನ ಗಾಡಿಗೆ ಅಷ್ಟಿಲ್ಲ. ನಗರದ ನಿತ್ಯಪ್ರಯಾಣಿಕನಿಗೆ ಇದು ಸಲ್ಲುವುದು ಈ ಕಾರಣದಿಂದಲೇ.

ಇನ್ನು ಯೂನಿಟ್ಟಿನ ಬೆಲೆ. 2025ರ ಏಪ್ರಿಲ್ ತಿಂಗಳಲ್ಲಿ ಜಾರಿಗೆ ಬಂದ ದರದ ಪ್ರಕಾರ ಮನೆಯ ಬಳಕೆಗೆ ಯೂನಿಟ್ಟಿಗೆ 5 ರೂಪಾಯಿ 80 ಪೈಸೆ. ಅದರ ಮೇಲೆ ಪಿಂಚಣಿಯ ಬಾಬ್ತು 36 ಪೈಸೆ, ಶೇಕಡಾ ಒಂಬತ್ತರ ತೆರಿಗೆ, ಇಂಧನದ ಹೊಂದಾಣಿಕೆಯ ಚಿಲ್ಲರೆ ಎಲ್ಲ ಸೇರಿ ಏಳು ರೂಪಾಯಿ ಎಂದು ಹಿಡಿದರೆ ಲೆಕ್ಕ ಸುಲಭ. 750 ಕಿಲೋಮೀಟರಿಗೆ 27 ಯೂನಿಟ್ಟು. ಹಣ 189 ರೂಪಾಯಿ. ಕಿಲೋಮೀಟರಿಗೆ ಇಪ್ಪತ್ತೈದು ಪೈಸೆ.

1,717 ಎಲ್ಲಿ, 866 ಎಲ್ಲಿ, 189 ಎಲ್ಲಿ! ಮಗನ ಮಾತೇ ಗೆದ್ದಿತೆಂದು ವಾಚಕರು ಇಲ್ಲಿಯೇ ಪುಸ್ತಕವನ್ನು ಮುಚ್ಚಬಾರದು. ಓಡುವ ಖರ್ಚೆಂದರೆ ಇಂಧನವೊಂದೇ ಅಲ್ಲ.

ವಿದ್ಯುತ್ತಿನ ಗಾಡಿಯನ್ನು ಕೊಳ್ಳುವವನು, ಗಾಡಿಯೊಡನೆ ಕೆಲವು ವರ್ಷಗಳ ಇಂಧನದ ಒಂದು ಭಾಗವನ್ನೂ ಬ್ಯಾಟರಿಯ ರೂಪದಲ್ಲಿ ಮುಂಗಡವಾಗಿ ಕೊಂಡಂತೆಯೇ ಸರಿ. ಬ್ಯಾಟರಿಯು ಬಳಸಿದಂತೆ ಸವೆಯುವುದಲ್ಲದೆ, ಬಳಸದೆ ಇಟ್ಟರೂ ವರ್ಷಗಳು ಕಳೆದಂತೆ ಶಕ್ತಿಗುಂದುತ್ತದೆ. ಹಲವು ತಯಾರಕರು ಮೂರು ವರ್ಷದ ಖಾತರಿಯನ್ನೂ, ಹೆಚ್ಚಿನ ಹಣ ತೆತ್ತರೆ ಎಂಟು ವರ್ಷದ ಖಾತರಿಯನ್ನೂ ಕೊಡುತ್ತಾರೆ. ಎಂಟು ವರ್ಷಕ್ಕೆ ಹೊಸ ಬ್ಯಾಟರಿಗೆಂದು ಅರುವತ್ತು ಸಾವಿರ ರೂಪಾಯಿ ಕೂಡಿಡಬೇಕೆಂದು ಭಾವಿಸಿದರೆ, ತಿಂಗಳಿಗೆ 625 ರೂಪಾಯಿ ಬೇರೆಯಾಗಿ ಎತ್ತಿಡಬೇಕಾಗುತ್ತದೆ. ಈ ಹಣ ತಿಂಗಳ ಬಿಲ್ಲಿನಲ್ಲಿ ಕಾಣುವುದಿಲ್ಲ. ಕಾಣದಿರುವುದರಿಂದಲೇ ಜನರು ಅದನ್ನು ಲೆಕ್ಕಕ್ಕೆ ತರುವುದಿಲ್ಲ.

ರಿಪೇರಿ, ಎಣ್ಣೆ, ಬೆಲ್ಟು ಮೊದಲಾದುವಕ್ಕೆ ಪೆಟ್ರೋಲು ಸ್ಕೂಟರಿಗೆ ತಿಂಗಳಿಗೆ 300 ರೂಪಾಯಿಯನ್ನೂ, ಸಿಲಿಂಡರಿನ ಪರೀಕ್ಷೆಯೂ ಸೇರಿ ಗ್ಯಾಸಿನ ಗಾಡಿಗೆ 350 ರೂಪಾಯಿಯನ್ನೂ, ಎಂಜಿನ್ ಎಣ್ಣೆಯ ಗೊಡವೆಯೇ ಇಲ್ಲದ ವಿದ್ಯುತ್ತಿನ ಗಾಡಿಗೆ 150 ರೂಪಾಯಿಯನ್ನೂ ಇಡೋಣ. ಆಗ ತಿಂಗಳ ಮೊತ್ತ ಹೀಗಾಗುತ್ತದೆ: ಪೆಟ್ರೋಲಿಗೆ 2,017 ರೂಪಾಯಿ, ಗ್ಯಾಸಿಗೆ 1,216 ರೂಪಾಯಿ, ವಿದ್ಯುತ್ತಿಗೆ ಬ್ಯಾಟರಿಯ ನಿಧಿಯೂ ಸೇರಿ 964 ರೂಪಾಯಿ. ಒಂಬತ್ತು ಪಟ್ಟು ಕಂಡ ಅಂತರವು ಎರಡು ಪಟ್ಟಿಗೆ ಇಳಿಯಿತು. ಆದರೂ ವಿದ್ಯುತ್ತೇ ಅಗ್ಗ.

ಕೊಳ್ಳುವ ಬೆಲೆಯ ಅಂತರ ಎಷ್ಟು ದಿನದಲ್ಲಿ ತೀರುವುದೆಂದೂ ನೋಡಬೇಕು. ರಸ್ತೆಗೆ ಇಳಿಯುವ ಹೊತ್ತಿಗೆ ಪೆಟ್ರೋಲು ಸ್ಕೂಟರಿಗೆ ಒಂದು ಲಕ್ಷ, ಗ್ಯಾಸಿನ ಮೋಟಾರು ಸೈಕಲಿಗೆ ಒಂದು ಲಕ್ಷ ಇಪ್ಪತ್ತು ಸಾವಿರ, ವಿದ್ಯುತ್ತಿನದಕ್ಕೆ ಒಂದು ಲಕ್ಷ ಮೂವತ್ತು ಸಾವಿರ ಎಂದು ಹಿಡಿದರೆ, ಗ್ಯಾಸಿನ ಗಾಡಿಗೆ ಕೊಟ್ಟ ಹೆಚ್ಚಿನ ಇಪ್ಪತ್ತು ಸಾವಿರವು ಇಪ್ಪತ್ತೈದು ತಿಂಗಳಲ್ಲಿಯೂ, ವಿದ್ಯುತ್ತಿನದಕ್ಕೆ ಕೊಟ್ಟ ಮೂವತ್ತು ಸಾವಿರವು ಇಪ್ಪತ್ತೆಂಟೂವರೆ ತಿಂಗಳಲ್ಲಿಯೂ ಹಿಂದಿರುಗುತ್ತದೆ. ಆಮೇಲಿನದೆಲ್ಲ ಉಳಿತಾಯ.

ಆದರೆ ಇದು ದಿನಕ್ಕೆ ಮೂವತ್ತು ಕಿಲೋಮೀಟರು ಓಡುವವರ ಮಾತು. ದಿನಕ್ಕೆ ಹನ್ನೆರಡೇ ಕಿಲೋಮೀಟರು ಓಡುವವರ ಲೆಕ್ಕ ತಲೆಕೆಳಗಾಗುತ್ತದೆ. ಅವರಿಗೆ ತಿಂಗಳಿಗೆ 300 ಕಿಲೋಮೀಟರಿನ ಪೆಟ್ರೋಲು 687 ರೂಪಾಯಿ. ರಿಪೇರಿಗೆ 200 ಸೇರಿಸಿದರೆ 887. ವಿದ್ಯುತ್ತಿನಲ್ಲಿ ಇಂಧನ 76 ರೂಪಾಯಿ, ರಿಪೇರಿ 100, ಬ್ಯಾಟರಿಯ ನಿಧಿ ಅದೇ 625, ಒಟ್ಟು 801. ತಿಂಗಳಿಗೆ ಎಂಬತ್ತಾರು ರೂಪಾಯಿ ಉಳಿದಲ್ಲಿ ಹೆಚ್ಚಿಗೆ ಕೊಟ್ಟ ಮೂವತ್ತು ಸಾವಿರ ಗಾಡಿಯ ಆಯುಷ್ಯದಲ್ಲಿ ಹಿಂದಿರುಗುವುದಿಲ್ಲ. ಮನೆಯ ಹತ್ತಿರದಲ್ಲಿಯೇ ಕೆಲಸವಿರುವವರು ಹಣದ ದೃಷ್ಟಿಯಿಂದ ಪೆಟ್ರೋಲು ಸ್ಕೂಟರನ್ನು ಬಿಡಬೇಕಾದುದಿಲ್ಲ. ಹಾಗೆಯೇ, ಬಾಡಿಗೆಯ ಮನೆಯ ಮೂರನೆಯ ಅಂತಸ್ತಿನಲ್ಲಿದ್ದು, ಗಾಡಿ ನಿಲ್ಲುವಲ್ಲಿ ಸಾಕೆಟ್ಟಿಲ್ಲದವರು ಸಾರ್ವಜನಿಕ ಚಾರ್ಜಿಂಗ್ ಸ್ಥಳವನ್ನೇ ನೆಚ್ಚಬೇಕಾದರೆ, ಅಲ್ಲಿ ಯೂನಿಟ್ಟಿಗೆ ಮನೆಯ ದರದ ಎರಡು ಮೂರು ಪಟ್ಟು ತೆರಬೇಕಾಗುವುದುಂಟು. ಅವರು ತಮ್ಮ ಲೆಕ್ಕವನ್ನು ಆ ದರದಿಂದಲೇ ಮಾಡಿಕೊಳ್ಳಬೇಕು.

ಈಗ ಕಾಗದ ಬರೆದವರ ಕಡೆಯ ಪ್ರಶ್ನೆಗೆ ಬರೋಣ. ಬಿಲ್ಲು ಬಾರದ ಮನೆಯಲ್ಲಿ ವಿದ್ಯುತ್ತಿನ ಗಾಡಿ ಪುಕ್ಕಟೆಯೆ?

ಗೃಹಜ್ಯೋತಿಯ ಉಪಯೋಗವು ಗ್ರಾಹಕರಿಗೆ ದೊರೆಯತೊಡಗಿದ್ದು 2023ರ ಆಗಸ್ಟ್ ತಿಂಗಳಲ್ಲಿ. ಅದರಲ್ಲಿ ಪ್ರತಿಯೊಂದು ಮನೆಗೂ ಒಂದು ಮಿತಿಯಿದೆ. 2022-23ನೆಯ ಸಾಲಿನಲ್ಲಿ ಆ ಮನೆಯವರು ತಿಂಗಳಿಗೆ ಸರಾಸರಿ ಎಷ್ಟು ಯೂನಿಟ್ಟು ಬಳಸಿದ್ದರೋ ಅದಕ್ಕೆ ಸಾಮಾನ್ಯವಾಗಿ ಶೇಕಡಾ ಹತ್ತನ್ನು ಸೇರಿಸಿದರೆ ಬರುವುದೇ ಆ ಮಿತಿ. ಬಳಕೆ ಅದರೊಳಗಿದ್ದರೆ ಬಿಲ್ಲು ಸೊನ್ನೆ. ಮಿತಿಯನ್ನು ದಾಟಿದರೂ 200 ಯೂನಿಟ್ಟಿನೊಳಗೆ ಇದ್ದರೆ, ದಾಟಿದಷ್ಟಕ್ಕೆ ಮಾತ್ರ ಹಣ. ಆದರೆ 200ನ್ನು ದಾಟಿದ ತಿಂಗಳು ಬಿಲ್ಲನ್ನು ಪೂರ್ತಿಯಾಗಿ ಕೊಡಬೇಕು. ಮೊದಲ ಯೂನಿಟ್ಟಿನಿಂದಲೂ ಲೆಕ್ಕ. ಇದು ಹೊಸ್ತಿಲಿನ ಹಾಗೆ. ಒಂದು ಯೂನಿಟ್ಟು ಈಚೆಗಿದ್ದರೆ ಒಳಗೆ, ಒಂದು ಯೂನಿಟ್ಟು ಆಚೆಗಿದ್ದರೆ ಹೊರಗೆ.

ಈ ಗೃಹಸ್ಥರು ಬರೆದಿರುವಂತೆ ಅವರ ಮನೆಯ ಹಳೆಯ ಸರಾಸರಿ 165 ಯೂನಿಟ್ಟು, ಮಿತಿ 181. ಈಗಿನ ಬಳಕೆ 178. ಆದುದರಿಂದ ಬಿಲ್ಲಿಲ್ಲ. ಗಾಡಿಯ 27 ಯೂನಿಟ್ಟನ್ನು ಸೇರಿಸಿದರೆ 205 ಆಯಿತು. ಹೊಸ್ತಿಲನ್ನು ಐದು ಯೂನಿಟ್ಟು ದಾಟಿತು. ಆಗ 205 ಯೂನಿಟ್ಟಿಗೂ ಏಳು ರೂಪಾಯಿಯಂತೆ 1,435 ರೂಪಾಯಿ. ಎರಡು ಕಿಲೋವಾಟಿನ ಮಂಜೂರಾತಿಗೆ ಕಿಲೋವಾಟಿಗೆ 145 ರೂಪಾಯಿಯಂತೆ ನಿಗದಿತ ಶುಲ್ಕ 290 ರೂಪಾಯಿ. ಒಟ್ಟು 1,725 ರೂಪಾಯಿ. ಗಾಡಿ ಬರುವುದಕ್ಕೆ ಮುಂಚೆ ಈ ಹಣ ಇರಲಿಲ್ಲವಾದ್ದರಿಂದ ಇದೆಲ್ಲವೂ ಗಾಡಿಯ ಖರ್ಚೇ. ಪೆಟ್ರೋಲು ಸ್ಕೂಟರಿನ ಪೆಟ್ರೋಲಿಗೆ ತಗಲುತ್ತಿದ್ದುದು 1,717 ರೂಪಾಯಿ. ಪುಕ್ಕಟೆಯೆಂದುಕೊಂಡ ಗಾಡಿ ಪೆಟ್ರೋಲಿಗಿಂತ ಎಂಟು ರೂಪಾಯಿ ಹೆಚ್ಚು ತಿಂದಿತು! ರಿಪೇರಿಯನ್ನೂ ಬ್ಯಾಟರಿಯ ನಿಧಿಯನ್ನೂ ಕೂಡಿಸಿದರೆ ತಿಂಗಳಿಗೆ 2,500 ರೂಪಾಯಿ. ಮೂರು ಗಾಡಿಗಳಲ್ಲಿ ಅತ್ಯಂತ ದುಬಾರಿಯಾದುದು ಇದೇ ಆಯಿತು.

ಹಾಗಾದರೆ ಬೇಡವೆನ್ನಬೇಕೆ? ಆತುರಪಡಬೇಕಾದುದಿಲ್ಲ. ದಾಟಿದ್ದು ಐದೇ ಯೂನಿಟ್ಟು. ಬಚ್ಚಲುಮನೆಯ ಗೀಸರನ್ನು ನೋಡಿ. ಎರಡು ಕಿಲೋವಾಟಿನ ಗೀಸರು ದಿನಕ್ಕೆ ಹತ್ತು ನಿಮಿಷ ಕಡಮೆ ಉರಿದರೆ ತಿಂಗಳಿಗೆ ಹತ್ತು ಯೂನಿಟ್ಟು ಉಳಿಯುತ್ತದೆ. 205 ಇದ್ದದ್ದು 195 ಆಗುತ್ತದೆ. ಹೊಸ್ತಿಲಿನ ಒಳಗೇ ನಿಂತೆವು. ಆಗ ಕೊಡಬೇಕಾದುದು 181ರ ಮೇಲಿನ ಹದಿನಾಲ್ಕು ಯೂನಿಟ್ಟಿಗೆ ಮಾತ್ರ, 98 ರೂಪಾಯಿ. ಗೀಸರಿನ ಹತ್ತು ನಿಮಿಷಕ್ಕೆ ತಿಂಗಳಿಗೆ ಸಾವಿರದ ಆರುನೂರು ರೂಪಾಯಿಗೂ ಮೇಲ್ಪಟ್ಟ ಬೆಲೆ ಬಂದಿತು. ಕಛೇರಿಯಲ್ಲಿ ಚಾರ್ಜು ಮಾಡಿಕೊಳ್ಳುವ ಅನುಕೂಲವಿದ್ದರೆ ವಾರಕ್ಕೆರಡು ದಿನ ಅಲ್ಲಿ ಮಾಡಿಕೊಂಡರೂ ಇದೇ ಫಲ.

ಈ ಹೊಸ್ತಿಲನ್ನು ಕಾಯುವ ಕೆಲಸ ಕಷ್ಟವಲ್ಲ. ಮೀಟರು ಓದುವವನು ಬಂದುಹೋದ ದಿನ ಅಂಕಿಯನ್ನು ಕ್ಯಾಲೆಂಡರಿನ ಮೇಲೆ ಬರೆದಿಡಬೇಕು. ಇಪ್ಪತ್ತನೆಯ ದಿನ ಮತ್ತೆ ನೋಡಬೇಕು. 133 ಯೂನಿಟ್ಟಿಗಿಂತ ಹೆಚ್ಚು ಓಡಿದ್ದರೆ ಅದೇ ವೇಗದಲ್ಲಿ ತಿಂಗಳ ಕೊನೆಗೆ 200 ದಾಟುವುದು ಖಂಡಿತ. ಇನ್ನುಳಿದ ಹತ್ತು ದಿನ ಇಸ್ತ್ರಿ, ಗೀಸರುಗಳಲ್ಲಿ ಕೈ ಬಿಗಿ ಹಿಡಿಯಬಹುದು. ಗಾಡಿ ನಿಜವಾಗಿ ಎಷ್ಟು ತಿನ್ನುತ್ತದೆಂದು ತಿಳಿಯಲು, ಚಾರ್ಜಿಗೆ ಹಾಕಿದ ರಾತ್ರಿ ಮಲಗುವಾಗಲೂ ಬೆಳಗ್ಗೆ ಏಳುವಾಗಲೂ ಮೀಟರನ್ನು ಓದಿ, ಗಾಡಿ ಹಾಕದ ರಾತ್ರಿಯ ಅಂಕಿಯನ್ನು ಅದರಿಂದ ಕಳೆಯಬೇಕು. ಉಳಿದ ಅಂಕಿಯನ್ನು ಅಷ್ಟು ಚಾರ್ಜಿನಲ್ಲಿ ಓಡಿದ ದೂರದಿಂದ ಭಾಗಿಸಿದರೆ ತಮ್ಮ ಗಾಡಿಯ ಪಾಲು ಸಿಕ್ಕುತ್ತದೆ. ಅದು ತಿಂಗಳು ತಿಂಗಳಿಗೂ ಏರುತ್ತ ಹೋದರೆ ಟೈರಿನ ಗಾಳಿ ಇಳಿದಿದೆಯೆ, ಬ್ರೇಕು ಚಕ್ರಕ್ಕೆ ಉಜ್ಜುತ್ತಿದೆಯೆ ಎಂದು ನೋಡಿಸತಕ್ಕದ್ದು. ಅದು ಏರದೆ, ಪೂರ್ತಿ ಚಾರ್ಜಿನಲ್ಲಿ ಹೋಗುವ ದೂರ ಮಾತ್ರ ಕುಗ್ಗುತ್ತ ಬಂದರೆ ಸವೆಯುತ್ತಿರುವುದು ಬ್ಯಾಟರಿ. ಖಾತರಿಯ ಕಾಗದವನ್ನು ಹುಡುಕುವ ಕಾಲ ಅದು.

ಬೇರೆ ಮನೆಗಳ ಮಾತೂ ಎರಡು ಸಾಲಿನಲ್ಲಿ ಹೇಳಬಹುದು. ತಿಂಗಳಿಗೆ 120 ಯೂನಿಟ್ಟು ಬಳಸುವ, 132ರ ಮಿತಿಯುಳ್ಳ ಮನೆಗೆ ಗಾಡಿ ಬಂದರೆ 147 ಆಗುತ್ತದೆ. ಹದಿನೈದು ಯೂನಿಟ್ಟಿನ 105 ರೂಪಾಯಿಯಲ್ಲಿ ತಿಂಗಳೆಲ್ಲ ಓಡಾಟ. ಆಗಲೇ 200ರ ಮೇಲೆ ಬಳಸಿ ಪೂರ್ತಿ ಬಿಲ್ಲು ಕೊಡುತ್ತಿರುವವರಿಗೆ ನಾವು ಮೊದಲು ಹೇಳಿದ 189 ರೂಪಾಯಿಯೇ ಖರ್ಚು. ಎಚ್ಚರವಾಗಿರಬೇಕಾದವರು 173ರಿಂದ 200ರ ನಡುವೆ ಇರುವವರು. ಅವರ ಮನೆಗೇ ಈ 27 ಯೂನಿಟ್ಟು ಹೊಸ್ತಿಲು ದಾಟಿಸುವುದು. ಬೇಸಗೆಯಲ್ಲಿ ಫ್ಯಾನು, ಮಳೆಗಾಲದಲ್ಲಿ ಗೀಸರು ಎಂದು ಬಳಕೆ ಏರುವ ತಿಂಗಳುಗಳನ್ನೇ ಅಂಥವರು ಲೆಕ್ಕಕ್ಕೆ ಹಿಡಿಯಬೇಕು, ವರ್ಷದ ಸರಾಸರಿಯನ್ನಲ್ಲ. ಎಷ್ಟು ಮಾಡಿದರೂ ಒಳಗೆ ನಿಲ್ಲಲಾರೆವೆಂಬವರು ಗಾಡಿಯ ಚಾರ್ಜಿಗೆಂದೇ ಪ್ರತ್ಯೇಕ ಮೀಟರನ್ನು ಕೇಳಬಹುದು. ವಿದ್ಯುತ್ ವಾಹನಕ್ಕೆ ಬೇರೆಯ ದರವರ್ಗವೇ ಉಂಟು. ಆಗ ಅದರ ನಿಗದಿತ ಶುಲ್ಕವನ್ನೂ, ಹೊಸ ಸಂಪರ್ಕದ ಖರ್ಚನ್ನೂ ವಿಚಾರಿಸಿಕೊಂಡು ಮುಂದುವರಿಯಬೇಕು.

ಹೀಗಿರುವುದರಿಂದ ರಾಜಾಜಿನಗರದ ಗೃಹಸ್ಥರಿಗೆ ನಮ್ಮ ಅಭಿಪ್ರಾಯ ಇದು. ತಮ್ಮ ದಾರಿಗೆ, ತಮ್ಮ ಮೂವತ್ತು ಕಿಲೋಮೀಟರಿಗೆ, ವಿದ್ಯುತ್ತಿನ ಸ್ಕೂಟರೇ ತಕ್ಕದ್ದು. ಆದರೆ ಕಳೆದ ಹನ್ನೆರಡು ತಿಂಗಳ ಬಿಲ್ಲುಗಳನ್ನು ತೆಗೆದು, ಅತಿ ಹೆಚ್ಚು ಬಳಸಿದ ತಿಂಗಳಿಗೆ 27ನ್ನು ಕೂಡಿ ನೋಡಿದ ಮೇಲೆಯೇ ಅಂಗಡಿಗೆ ಹೋಗಬೇಕು. ಆ ಮೊತ್ತ 210ರೊಳಗೆ ಇದ್ದರೆ ಗೀಸರಿನ ಹತ್ತು ನಿಮಿಷ ಅದನ್ನು ಸರಿಪಡಿಸುತ್ತದೆ. ಅದನ್ನು ಬಹಳವಾಗಿ ಮೀರುವ ತಿಂಗಳುಗಳು ವರ್ಷದಲ್ಲಿ ಎರಡೋ ಮೂರೋ ಇದ್ದರೂ ನಷ್ಟವಿಲ್ಲ. ಉಳಿದ ತಿಂಗಳುಗಳ ಉಳಿತಾಯ ಅದನ್ನು ತುಂಬುತ್ತದೆ. ವರ್ಷವಿಡೀ ಮೀರುವಂತಿದ್ದು, ಪ್ರತ್ಯೇಕ ಮೀಟರೂ ಸಾಧ್ಯವಾಗದಿದ್ದರೆ, ಬಂಕಿನ ಸಾಲನ್ನು ಸಹಿಸಬಲ್ಲ ತಾಳ್ಮೆಯುಳ್ಳವರಿಗೆ ಗ್ಯಾಸಿನ ಗಾಡಿಯೇ ಮೇಲು. ತಂದೆಯವರ ಪೆಟ್ರೋಲು ಸ್ಕೂಟರು ಈ ಮನೆಯ ಲೆಕ್ಕದಲ್ಲಿ ಗೆಲ್ಲುವುದು, ಕಛೇರಿ ಮನೆಯ ಹತ್ತಿರಕ್ಕೆ ಬಂದಾಗ ಮಾತ್ರ.